ಸಮೀಕ್ಷಾ ದತ್ತಾಂಶ ಶುದ್ಧೀಕರಣ

ಸಮೀಕ್ಷಾ ದತ್ತಾಂಶ ಶುದ್ಧೀಕರಣ ಎಂದರೆ ಸಮೀಕ್ಷೆಯೊಂದರಲ್ಲಿ ಸಂಗ್ರಹವಾದ ಉತ್ತರಗಳನ್ನು ಲೆಕ್ಕಕ್ಕೆ ಬಳಸುವ ಮೊದಲು ಪರಿಶೀಲಿಸಿ, ಅವುಗಳಲ್ಲಿರುವ ದೋಷಗಳನ್ನು ಗುರುತಿಸಿ ಸರಿಪಡಿಸುವ ಕ್ರಿಯೆ. ಒಂದು ಕಾಲಂನಲ್ಲಿರುವ ಮೌಲ್ಯಗಳ ಮೊತ್ತವನ್ನು ಪಡೆಯುವ ಸಂದರ್ಭದಲ್ಲಿ ಮುಖ್ಯವಾಗಿ ಮೂರು ಬಗೆಯ ದೋಷಗಳು ಎದುರಾಗುತ್ತವೆ: ಉತ್ತರವಿಲ್ಲದ ಖಾಲಿ ನಮೂದುಗಳು, ಒಬ್ಬರದೇ ಉತ್ತರ ಎರಡು ಬಾರಿ ಸೇರಿರುವ ಪುನರಾವರ್ತಿತ ನಮೂದುಗಳು, ಹಾಗೂ ಸಂಖ್ಯೆ ಇರಬೇಕಾದಲ್ಲಿ ಅಕ್ಷರಗಳು ಸೇರಿರುವ ಪಠ್ಯ ನಮೂದುಗಳು. ಈ ಲೇಖನವು ಈ ಮೂರನ್ನು ಸರಿಪಡಿಸುವ ವಿಧಾನವನ್ನು ಮತ್ತು ಸರಿಪಡಿಸಿದ ಮೊತ್ತವನ್ನು ಮೂಲ ಮೊತ್ತದೊಂದಿಗೆ ತಾಳೆ ನೋಡುವ ಕ್ರಮವನ್ನು ವಿವರಿಸುತ್ತದೆ.

## ಹಿನ್ನೆಲೆ

ಮೊತ್ತದ ಲೆಕ್ಕದಲ್ಲಿ ದೋಷಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್, ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್ ತಂತ್ರಾಂಶಗಳಲ್ಲಿ `SUM` ಸೂತ್ರಕ್ಕೆ ಕೋಶಗಳ ಒಂದು ವ್ಯಾಪ್ತಿಯನ್ನು ಕೊಟ್ಟರೆ, ಅದು ಖಾಲಿ ಕೋಶಗಳನ್ನೂ ಪಠ್ಯವಿರುವ ಕೋಶಗಳನ್ನೂ ಬಿಟ್ಟು ಉಳಿದ ಸಂಖ್ಯೆಗಳನ್ನಷ್ಟೇ ಕೂಡುತ್ತದೆ. ಹೀಗೆ ಬಿಟ್ಟಿರುವುದಾಗಿ ಯಾವ ಎಚ್ಚರಿಕೆಯನ್ನೂ ಅದು ನೀಡುವುದಿಲ್ಲ. ಎರಡು ಬಾರಿ ದಾಖಲಾದ ಸಂಖ್ಯೆಯನ್ನು ಅದು ಎರಡು ಬಾರಿಯೂ ಕೂಡುತ್ತದೆ. ಹೀಗಾಗಿ ಕೋಷ್ಟಕ ಎಷ್ಟೇ ಅಸ್ತವ್ಯಸ್ತವಾಗಿದ್ದರೂ ಕೊನೆಗೆ ದೊರೆಯುವುದು ಅಚ್ಚುಕಟ್ಟಾಗಿ ಕಾಣುವ ಒಂದೇ ಒಂದು ಸಂಖ್ಯೆ.

ದೋಷಗಳ ದಿಕ್ಕು ಬೇರೆಬೇರೆಯಾಗಿರುವುದು ಇನ್ನೊಂದು ತೊಡಕು. ಪಠ್ಯ ಮತ್ತು ಖಾಲಿ ನಮೂದುಗಳು ಮೊತ್ತವನ್ನು ಕುಗ್ಗಿಸಿದರೆ ಪುನರಾವರ್ತಿತ ನಮೂದುಗಳು ಅದನ್ನು ಹಿಗ್ಗಿಸುತ್ತವೆ. ಇವು ಒಂದನ್ನೊಂದು ಮರೆಮಾಡುವುದರಿಂದ, ಮೊತ್ತವು ನಂಬುವಂತೆ ಕಂಡಿತು ಎಂಬ ಕಾರಣಕ್ಕೆ ಅದನ್ನು ಸರಿಯೆಂದು ಒಪ್ಪಲಾಗದು. ಒಂದು ಬಗೆಯ ದೋಷವನ್ನು ಮಾತ್ರ ತಿದ್ದಿದಾಗ ಮೊತ್ತವು ನಿಜದಿಂದ ಇನ್ನಷ್ಟು ದೂರ ಸರಿಯುವುದೂ ಉಂಟು.

## ಉದಾಹರಣೆ

ಕೆಳಗಿನದು ವಿವರಣೆಗಾಗಿ ರಚಿಸಿದ ಕಾಲ್ಪನಿಕ ಉದಾಹರಣೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗಾಗಿ ಬೀದಿಯೊಂದರ 10 ಮನೆಗಳು ಕಳೆದ ತಿಂಗಳು ಒಟ್ಟು ಎಷ್ಟು ಹಣ ವ್ಯಯಿಸಿದವು ಎಂಬುದನ್ನು ತಿಳಿಯಲು ಬಡಾವಣೆಯ ನಿವಾಸಿಗಳ ಸಂಘವು ಅಂತರಜಾಲದ ನಮೂನೆಯೊಂದನ್ನು ಹಂಚಿದೆ. ಮನೆ ಸಂಖ್ಯೆ, ಟ್ಯಾಂಕರ್ ನೀರು ಕೊಂಡಿರಾ, ಕೊಂಡಿದ್ದರೆ ಖರ್ಚೆಷ್ಟು ಎಂಬ ಮೂರು ಪ್ರಶ್ನೆಗಳು ಅದರಲ್ಲಿವೆ. ಖರ್ಚನ್ನು ತಿಳಿಸಲು ಇಷ್ಟವಿಲ್ಲದವರು 9999 ಎಂದು ಬರೆಯಬೇಕೆಂಬ ಸೂಚನೆಯೂ ಇದೆ. ಒಂದೇ ದಿನದಲ್ಲಿ 12 ಉತ್ತರಗಳು ಬಂದಿವೆ.

| ಸಾಲು | ಸಮಯ | ಮನೆ | ಕೊಂಡಿರಾ? | ಖರ್ಚು |
|---|---|---|---|---|
| 1 | 09:10 | 101 | ಹೌದು | 1200 |
| 2 | 09:14 | 102 | ಹೌದು | |
| 3 | 09:20 | 103 | ಹೌದು | 1500/- |
| 4 | 09:31 | 104 | ಇಲ್ಲ | ಇಲ್ಲ |
| 5 | 09:40 | 105 | ಹೌದು | 900 ರೂ. |
| 6 | 09:41 | 105 | ಹೌದು | 900 ರೂ. |
| 7 | 10:05 | 101 | ಹೌದು | 1800 |
| 8 | 10:12 | 106 | ಹೌದು | ೬೦೦ ರೂ. |
| 9 | 10:20 | 107 | ಹೌದು | 1200 |
| 10 | 10:26 | 108 | ಹೌದು | 9999 |
| 11 | 10:40 | 109 | ಹೌದು | 500-700 |
| 12 | 10:52 | 110 | ಇಲ್ಲ | 0 |

ಈ ಕಾಲಂಗೆ ಹಾಗೆಯೇ `SUM` ಸೂತ್ರವನ್ನು ಅನ್ವಯಿಸಿದರೆ 14,199 ಬರುತ್ತದೆ. ಇದು 1, 7, 9, 10 ಮತ್ತು 12ನೆಯ ಸಾಲುಗಳ ಮೊತ್ತ ಮಾತ್ರ. ಈ ಸಂಗತಿಯನ್ನು ಬಯಲಿಗೆ ತರುವ ಸರಳ ಪರೀಕ್ಷೆಯೊಂದಿದೆ. ಸಂಖ್ಯೆಗಳಿರುವ ಕೋಶಗಳನ್ನು ಮಾತ್ರ ಎಣಿಸುವ `COUNT` ಸೂತ್ರವು ಇಲ್ಲಿ 5 ಎನ್ನುತ್ತದೆ. ಖಾಲಿಯಲ್ಲದ ಎಲ್ಲ ಕೋಶಗಳನ್ನು ಎಣಿಸುವ `COUNTA` ಸೂತ್ರವು 11 ಎನ್ನುತ್ತದೆ. ಇವೆರಡರ ವ್ಯತ್ಯಾಸವಾದ 6, ಮೊತ್ತಕ್ಕೆ ಸೇರದೆ ಉಳಿದ ಪಠ್ಯ ನಮೂದುಗಳ ಸಂಖ್ಯೆ. ಒಟ್ಟು 12 ಸಾಲುಗಳಲ್ಲಿ 11 ಮಾತ್ರ ಎಣಿಕೆಗೆ ಬಂದಿರುವುದರಿಂದ ಒಂದು ಕೋಶ ಖಾಲಿ ಎಂಬುದೂ ತಿಳಿಯುತ್ತದೆ. ಯಾವುದೇ ತಿದ್ದುಪಡಿಗೆ ಮೊದಲು ಈ ಎಣಿಕೆಗಳನ್ನು ಬರೆದಿಟ್ಟುಕೊಳ್ಳುವುದು ಹಾಗೂ ಮೂಲ ಕಾಲಂ ಅನ್ನು ಮುಟ್ಟದೆ, ತಿದ್ದಿದ ಮೌಲ್ಯಗಳನ್ನು ಪಕ್ಕದ ಹೊಸ ಕಾಲಂನಲ್ಲಿ ದಾಖಲಿಸುವುದು ರೂಢಿ.

## ಪುನರಾವರ್ತಿತ ನಮೂದುಗಳು

ಪುನರಾವರ್ತನೆಯನ್ನು ಪತ್ತೆಹಚ್ಚಲು ಮೊದಲು ನಿರ್ಧರಿಸಬೇಕಾದದ್ದು, ಯಾವುದನ್ನು ಒಂದು ಘಟಕವೆಂದು ಪರಿಗಣಿಸಬೇಕು ಎಂಬುದನ್ನು. ಮೇಲಿನ ಸಮೀಕ್ಷೆಯಲ್ಲಿ ಘಟಕವು ಮನೆ. ಆದ್ದರಿಂದ ಮನೆ ಸಂಖ್ಯೆಯೇ ಗುರುತು. ಇಡೀ ಸಾಲನ್ನು ಹೋಲಿಸಿದರೆ ಒಂದೂ ಪುನರಾವರ್ತನೆ ಸಿಗುವುದಿಲ್ಲ. ಅಂತರಜಾಲದ ನಮೂನೆಗಳು ಪ್ರತಿ ಉತ್ತರಕ್ಕೂ ಸಮಯವನ್ನು ಸೇರಿಸುವುದರಿಂದ 5 ಮತ್ತು 6ನೆಯ ಸಾಲುಗಳು ಕೂಡ ಒಂದು ನಿಮಿಷದ ಅಂತರದಿಂದಾಗಿ ಬೇರೆಬೇರೆಯೆಂದೇ ಎಣಿಕೆಯಾಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ ಖರ್ಚಿನ ಕಾಲಂ ಒಂದನ್ನೇ ಹೋಲಿಸಿದರೆ 101 ಮತ್ತು 107ನೆಯ ಮನೆಗಳು ಪ್ರತ್ಯೇಕವಾಗಿ ಕೊಟ್ಟ 1200 ಎಂಬ ಉತ್ತರಗಳೂ ಪುನರಾವರ್ತನೆಯಂತೆ ಕಂಡು, ನಿಜವಾದ ಒಂದು ಖರ್ಚು ಅಳಿಸಿಹೋಗುತ್ತದೆ. ಎರಡು ಮನೆಗಳ ಖರ್ಚು ಒಂದೇ ಆಗಿರುವುದು ದೋಷವಲ್ಲ.

ಗುರುತಿನ ಕಾಲಂ ಕೂಡ ಒಂದೇ ರೂಪದಲ್ಲಿರಬೇಕು. ಒಬ್ಬರು `105` ಎಂದೂ ಇನ್ನೊಬ್ಬರು `ಮನೆ 105` ಎಂದೂ ಬರೆದಿದ್ದರೆ ಅಥವಾ ಸಂಖ್ಯೆಯ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದಿದ್ದರೆ ತಂತ್ರಾಂಶವು ಅವನ್ನು ಎರಡು ಮನೆಗಳೆಂದು ತಿಳಿಯುತ್ತದೆ. ಆದುದರಿಂದ ಗುರುತನ್ನು ಸರಿಪಡಿಸಿದ ನಂತರವೇ ಪುನರಾವರ್ತನೆಯನ್ನು ಹುಡುಕಲಾಗುತ್ತದೆ.

ಪುನರಾವರ್ತನೆಯಲ್ಲಿ ಎರಡು ಬಗೆಗಳಿವೆ. 105ನೆಯ ಮನೆಯವರು ಒಂದೇ ಉತ್ತರವನ್ನು ಎರಡು ಬಾರಿ ಕಳುಹಿಸಿದ್ದಾರೆ. ಇಲ್ಲಿ ಯಾವುದನ್ನು ಉಳಿಸಿದರೂ ವ್ಯತ್ಯಾಸವಿಲ್ಲ. 101ನೆಯ ಮನೆಯವರು ಮೊದಲು 1200 ಎಂದು ತಿಳಿಸಿ ಸುಮಾರು ಒಂದು ಗಂಟೆಯ ನಂತರ 1800 ಎಂದಿದ್ದಾರೆ. ಎರಡನೆಯದನ್ನು ತಿದ್ದುಪಡಿಯೆಂದು ಪರಿಗಣಿಸಿ ಕೊನೆಯ ಉತ್ತರವನ್ನು ಉಳಿಸಿಕೊಳ್ಳುವುದು ಸಾಮಾನ್ಯ ನಿಯಮ. ಆದರೆ ಎಕ್ಸೆಲ್‌ನಲ್ಲಿ ಪುನರಾವರ್ತನೆಗಳನ್ನು ತೆಗೆಯುವ ಸೌಲಭ್ಯವು ಮೊದಲು ಸಿಕ್ಕ ಸಾಲನ್ನು ಉಳಿಸಿ ನಂತರದವನ್ನು ಅಳಿಸುತ್ತದೆ. ಆದ್ದರಿಂದ ಅದನ್ನು ಬಳಸುವ ಮೊದಲು ಸಾಲುಗಳನ್ನು ಸಮಯದ ಇಳಿಕೆಯ ಕ್ರಮದಲ್ಲಿ ಜೋಡಿಸಬೇಕು. ಒಂದೇ ಮನೆಯಲ್ಲಿ ಎರಡು ಸಂಸಾರಗಳಿದ್ದು ಎರಡೂ ಉತ್ತರಿಸಿರುವ ಸಾಧ್ಯತೆ ಇದ್ದರೆ ಯಾವ ನಿಯಮವೂ ಸಾಲದು. 1200 ಮತ್ತು 1800 ಎರಡೂ ನಿಜವಾಗಿದ್ದಲ್ಲಿ ಮೊತ್ತಕ್ಕೆ 3000 ಸೇರಬೇಕಾಗುತ್ತದೆ; ಇದನ್ನು ಆ ಮನೆಯವರನ್ನು ಕೇಳಿಯೇ ತಿಳಿಯಬೇಕು. ಈ ಉದಾಹರಣೆಯಲ್ಲಿ 1800 ತಿದ್ದುಪಡಿ ಎಂದು ಭಾವಿಸಲಾಗಿದೆ.

## ಪಠ್ಯ ನಮೂದುಗಳು

ಸ್ಪ್ರೆಡ್‌ಶೀಟ್‌ಗಳು ಸಾಮಾನ್ಯವಾಗಿ ಸಂಖ್ಯೆಯನ್ನು ಕೋಶದ ಬಲಬದಿಗೂ ಪಠ್ಯವನ್ನು ಎಡಬದಿಗೂ ತೋರಿಸುತ್ತವೆ. ಬಳಕೆದಾರರು ಈ ಜೋಡಣೆಯನ್ನು ಬದಲಿಸಿರಬಹುದಾದ್ದರಿಂದ `ISNUMBER` ಸೂತ್ರದಿಂದ ಪರೀಕ್ಷಿಸುವುದು ಹೆಚ್ಚು ಖಚಿತ. `900` ಎಂದು ಅಂಕಿಗಳಷ್ಟೇ ಇದ್ದರೂ ಕೋಶದಲ್ಲಿ ಅದು ಪಠ್ಯವಾಗಿ ಉಳಿದಿರಬಹುದು. ಅಂಥ ಕೋಶವನ್ನು ಎಕ್ಸೆಲ್‌ನಲ್ಲಿ `=E2+E3` ಎಂಬ ರೀತಿಯಲ್ಲಿ ಕೂಡಿದರೆ ಅದು ಲೆಕ್ಕಕ್ಕೆ ಸೇರುತ್ತದೆ, `SUM` ಬಳಸಿದರೆ ಸೇರುವುದಿಲ್ಲ. ಒಂದೇ ಕೋಶಗಳಿಗೆ ಎರಡು ಬಗೆಯ ಮೊತ್ತ ಬರುತ್ತಿದ್ದರೆ ಇದೇ ಕಾರಣವಿರಬಹುದು.

ಪಠ್ಯ ನಮೂದುಗಳಲ್ಲಿ ಒಂದು ಗುಂಪಿನ ಅರ್ಥ ಸ್ಪಷ್ಟವಾಗಿರುತ್ತದೆ. `1500/-`, `900 ರೂ.` ಮತ್ತು ಕನ್ನಡ ಅಂಕಿಗಳಲ್ಲಿರುವ `೬೦೦ ರೂ.` ಈ ಗುಂಪಿಗೆ ಸೇರಿದವು. ಹಣದ ಗುರುತನ್ನು ತೆಗೆದು, ಕನ್ನಡ ಅಂಕಿಗಳನ್ನು ಬದಲಿಸಿದರೆ ಸಾಕು. `1,20,000` ಎಂಬಂತೆ ಲಕ್ಷದ ಕ್ರಮದಲ್ಲಿ ಅಲ್ಪವಿರಾಮ ಹಾಕಿದ ಸಂಖ್ಯೆಗಳಲ್ಲಿಯೂ ಅಲ್ಪವಿರಾಮಗಳನ್ನು ತೆಗೆದರೆ ಮೌಲ್ಯ ಸಿಗುತ್ತದೆ. ಜಾಲಪುಟಗಳಿಂದ ನಕಲು ಮಾಡಿದ ದತ್ತಾಂಶದಲ್ಲಿ ಸಾಲು ಮುರಿಯದಂತೆ ತಡೆಯುವ ವಿಶೇಷ ಖಾಲಿ ಜಾಗವೊಂದು ಸೇರಿರಬಹುದು. ಎಕ್ಸೆಲ್‌ನ `TRIM` ಅದನ್ನು ತೆಗೆಯುವುದಿಲ್ಲ. `SUBSTITUTE(E2,CHAR(160),"")` ಸೂತ್ರದಿಂದ ತೆಗೆಯಬೇಕಾಗುತ್ತದೆ.

ಅಂಕಿಗಳಲ್ಲದ ಎಲ್ಲ ಚಿಹ್ನೆಗಳನ್ನೂ ಒಟ್ಟಿಗೆ ಅಳಿಸಿಬಿಡುವುದು ಹೆಚ್ಚು ಬಳಕೆಯಲ್ಲಿರುವ, ಆದರೆ ಅಪಾಯಕಾರಿಯಾದ ವಿಧಾನ. ಹಾಗೆ ಮಾಡಿದರೆ `500-700` ಎಂಬುದು 5,00,700 ಆಗುತ್ತದೆ. `1200.50` ಎಂಬುದು 1,20,050 ಆಗುತ್ತದೆ. `2 ಟ್ಯಾಂಕರ್, 1200` ಎಂಬ ಉತ್ತರ 21,200 ಆಗುತ್ತದೆ. ಬಿಂದುವನ್ನು ಉಳಿಸಿಕೊಂಡರೂ ತೊಂದರೆ ತಪ್ಪದು. `ರೂ.900` ಎಂಬುದರಿಂದ ‘ರೂ’ ಅಕ್ಷರವನ್ನಷ್ಟೇ ತೆಗೆದರೆ ಉಳಿಯುವುದು `.900`, ಅಂದರೆ ಒಂದು ರೂಪಾಯಿಗಿಂತಲೂ ಕಡಿಮೆ. ಆದ್ದರಿಂದ ತೆಗೆಯಬೇಕಾದ ಗುರುತುಗಳನ್ನು ಒಂದೊಂದಾಗಿ ಹೆಸರಿಸಿ, ಆ ಬಳಿಕವೂ ಸಂಖ್ಯೆಯಾಗದೆ ಉಳಿದ ನಮೂದುಗಳನ್ನು ಪಟ್ಟಿ ಮಾಡಿ ಕಣ್ಣಾರೆ ನೋಡಬೇಕು.

ಎರಡನೆಯ ಗುಂಪಿನ ನಮೂದುಗಳಿಗೆ ಅರ್ಥ ನಿರ್ಣಯ ಅಗತ್ಯ. 104ನೆಯ ಮನೆಯ `ಇಲ್ಲ` ಎಂಬ ಉತ್ತರಕ್ಕೆ ಖರ್ಚಿಲ್ಲ ಎಂದೂ, ಮಾಹಿತಿ ಇಲ್ಲ ಎಂದೂ ಅರ್ಥವಾಗಬಹುದು. ಮೊದಲನೆಯದಾದರೆ ಮೌಲ್ಯ 0, ಎರಡನೆಯದಾದರೆ ಖಾಲಿ. ಆ ಮನೆಯವರು ನೀರು ಕೊಂಡಿಲ್ಲವೆಂದು ಹಿಂದಿನ ಪ್ರಶ್ನೆಗೆ ಉತ್ತರಿಸಿರುವುದರಿಂದ ಇಲ್ಲಿ 0 ಎಂದು ಬರೆಯಬಹುದು. `500-700` ಎಂಬ ವ್ಯಾಪ್ತಿಗೆ ನಡುವಣ ಮೌಲ್ಯವಾದ 600ನ್ನು ತೆಗೆದುಕೊಳ್ಳುವ ನಿಯಮವಿದ್ದರೆ ಅದನ್ನು ಇಂಥ ಎಲ್ಲ ಉತ್ತರಗಳಿಗೂ ಒಂದೇ ಸಮನಾಗಿ ಅನ್ವಯಿಸಬೇಕು. ಇದರಿಂದ ಮೊತ್ತದಲ್ಲಿ 100 ರೂಪಾಯಿ ಹೆಚ್ಚುಕಡಿಮೆ ಇರಬಹುದೆಂಬುದನ್ನು ದಾಖಲಿಸಬೇಕು.

## ಉತ್ತರದ ಬದಲಿಗೆ ಬಳಸುವ ಸಂಕೇತಾಂಕಗಳು

108ನೆಯ ಮನೆಯ 9999 ಸಂಖ್ಯೆಯ ರೂಪದಲ್ಲಿದ್ದರೂ ಅದು ಮೌಲ್ಯವಲ್ಲ. ಉತ್ತರಿಸಲು ಇಷ್ಟವಿಲ್ಲ ಎಂಬುದರ ಸಂಕೇತ ಅದು. `ISNUMBER` ಪರೀಕ್ಷೆಯಲ್ಲಿ ಇದು ತೇರ್ಗಡೆಯಾಗುವುದರಿಂದ ಪಠ್ಯ ನಮೂದುಗಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಮೇಲಿನ 14,199 ರೂಪಾಯಿಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಈ ಒಂದೇ ಕೋಶದಿಂದ ಬಂದಿದೆ.

ದೊಡ್ಡ ಸಮೀಕ್ಷೆಗಳಲ್ಲಿ ಇಂಥ ಸಂಕೇತಗಳು ಸಾಮಾನ್ಯ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 1984ರಲ್ಲಿ ಆರಂಭಿಸಿದ, ಜನರ ಆರೋಗ್ಯ ಸಂಬಂಧಿ ನಡವಳಿಕೆಗಳ ಕುರಿತ ದೂರವಾಣಿ ಸಮೀಕ್ಷೆ ಇದಕ್ಕೆ ಪ್ರಸಿದ್ಧ ನಿದರ್ಶನ. ಕಳೆದ 30 ದಿನಗಳಲ್ಲಿ ಎಷ್ಟು ದಿನ ದೈಹಿಕ ಆರೋಗ್ಯ ಸರಿ ಇರಲಿಲ್ಲ ಎಂಬ ಪ್ರಶ್ನೆಗೆ ಅಲ್ಲಿ 1ರಿಂದ 30ರವರೆಗಿನ ಸಂಖ್ಯೆಗಳು ದಿನಗಳನ್ನೇ ಸೂಚಿಸುತ್ತವೆ. ಗೊತ್ತಿಲ್ಲ ಎಂಬುದಕ್ಕೆ 77, ನಿರಾಕರಣೆಗೆ 99 ಮತ್ತು ಒಂದು ದಿನವೂ ಇಲ್ಲ ಎಂಬುದಕ್ಕೆ 88 ಬಳಕೆಯಾಗುತ್ತವೆ. ಈ ಕಾಲಂ ಅನ್ನು ಹಾಗೆಯೇ ಕೂಡಿದರೆ ಪೂರ್ಣ ಆರೋಗ್ಯವಂತನೊಬ್ಬನ ಲೆಕ್ಕಕ್ಕೆ 88 ಅನಾರೋಗ್ಯದ ದಿನಗಳು ಸೇರುತ್ತವೆ. 30ಕ್ಕಿಂತ ಹೆಚ್ಚಿನ ಎಲ್ಲವನ್ನೂ ಅಸಾಧ್ಯ ಮೌಲ್ಯವೆಂದು ಖಾಲಿ ಮಾಡಿದರೆ ಮೊತ್ತ ಸರಿಯಾಗುತ್ತದೆ, ಆದರೆ ಆರೋಗ್ಯವಂತರೆಲ್ಲ ಎಣಿಕೆಯಿಂದ ಹೊರಬಿದ್ದು ಸರಾಸರಿ ತಪ್ಪಾಗಿ ಏರುತ್ತದೆ. 88ನ್ನು 0 ಎಂದೂ, 77 ಮತ್ತು 99ನ್ನು ಖಾಲಿ ಎಂದೂ ಬದಲಿಸುವುದೇ ಸರಿಯಾದ ಕ್ರಮ. ಸಮೀಕ್ಷೆಯ ಸಂಕೇತ ಕೈಪಿಡಿಯನ್ನು ಓದದೆ ಈ ವ್ಯತ್ಯಾಸವನ್ನು ಊಹಿಸಲಾಗದು.

## ಖಾಲಿ ನಮೂದುಗಳು

ಮೇಲಿನ ತಿದ್ದುಪಡಿಗಳ ನಂತರ ಉದಾಹರಣೆಯಲ್ಲಿ 102 ಮತ್ತು 108ನೆಯ ಮನೆಗಳ ಖರ್ಚು ಮಾತ್ರ ಖಾಲಿಯಾಗಿ ಉಳಿಯುತ್ತದೆ. ಎರಡೂ ಮನೆಯವರು ನೀರು ಕೊಂಡಿದ್ದಾರೆ. ಎಷ್ಟಕ್ಕೆ ಎಂಬುದು ಮಾತ್ರ ತಿಳಿದಿಲ್ಲ. 110ನೆಯ ಮನೆಯ 0 ಇದಕ್ಕಿಂತ ಭಿನ್ನ. ಅದು ತಿಳಿದಿರುವ ಉತ್ತರ.

ಮೊತ್ತದಲ್ಲಿ ಖಾಲಿ ನಮೂದನ್ನು ಬಿಟ್ಟುಬಿಡುವುದೂ ಅದನ್ನು 0 ಎಂದು ಭಾವಿಸುವುದೂ ಒಂದೇ ಫಲವನ್ನು ಕೊಡುತ್ತವೆ. ಆದ್ದರಿಂದ ತಿಳಿದಿರುವ 8 ಮನೆಗಳ ಮೊತ್ತವಾದ 6,600 ರೂಪಾಯಿಯನ್ನು ಇಡೀ ಬೀದಿಯ ಖರ್ಚು ಎಂದು ಕರೆದರೆ, ನೀರು ಕೊಂಡಿರುವ ಎರಡು ಮನೆಗಳು ಏನನ್ನೂ ವ್ಯಯಿಸಿಲ್ಲವೆಂದು ಹೇಳಿದಂತಾಗುತ್ತದೆ. ಬೀದಿಯ ಒಟ್ಟು ಖರ್ಚು ಬೇಕಿದ್ದರೆ ಅಂದಾಜು ಮಾಡಬೇಕಾಗುತ್ತದೆ. ನೀರು ಕೊಂಡು ಖರ್ಚನ್ನೂ ತಿಳಿಸಿದ ಮನೆಗಳು 6. ಅವುಗಳ ಸರಾಸರಿ 1,100. ಎರಡು ಖಾಲಿ ಮನೆಗಳಿಗೆ ತಲಾ 1,100 ಸೇರಿಸಿದರೆ ಅಂದಾಜು ಮೊತ್ತ 8,800 ಆಗುತ್ತದೆ. ನೀರು ಕೊಳ್ಳದವರನ್ನೂ ಒಳಗೊಂಡ 8 ಮನೆಗಳ ಸರಾಸರಿ 825. ಅದನ್ನು ಬಳಸಿದರೆ ಅಂದಾಜು 8,250ಕ್ಕೆ ಇಳಿಯುತ್ತದೆ. ಖಾಲಿ ಬಿಟ್ಟವರು ನೀರು ಕೊಂಡಿರುವುದು ತಿಳಿದಿರುವುದರಿಂದ ಮೊದಲನೆಯ ಅಂದಾಜೇ ಹೆಚ್ಚು ಸಮಂಜಸ.

ಖಾಲಿ ಕಾಲಂಗಳ ವಿಷಯದಲ್ಲಿ ತಂತ್ರಾಂಶಗಳ ನಡವಳಿಕೆಯೂ ಏಕರೂಪವಾಗಿಲ್ಲ. ಆರ್ ಭಾಷೆಯಲ್ಲಿ ಒಂದೇ ಒಂದು `NA` ಇದ್ದರೂ `sum` ಫಲವು `NA` ಆಗುತ್ತದೆ. `na.rm = TRUE` ಎಂದು ಸ್ಪಷ್ಟವಾಗಿ ಹೇಳಿದಾಗ ಮಾತ್ರ ಅದು ಖಾಲಿಗಳನ್ನು ಬಿಡುತ್ತದೆ. ಪೈಥಾನ್‌ನ ಪಾಂಡಾಸ್ ಗ್ರಂಥಾಲಯವು ಖಾಲಿಗಳನ್ನು ತಾನಾಗಿಯೇ ಬಿಡುತ್ತದೆ. ಎಲ್ಲ ನಮೂದುಗಳೂ ಖಾಲಿಯಾಗಿರುವ ಕಾಲಂಗೂ ಅದು 0 ಎಂಬ ಮೊತ್ತವನ್ನು ಕೊಡುತ್ತದೆ. `min_count=1` ಎಂದು ಸೂಚಿಸಿದರೆ ಮಾತ್ರ ಫಲ ಖಾಲಿಯಾಗಿ ಬರುತ್ತದೆ.

## ತಾಳೆ ನೋಡುವಿಕೆ

ಶುದ್ಧೀಕರಣದ ಕೊನೆಯ ಹಂತವು ಮೂಲ ಮೊತ್ತದಿಂದ ಹೊಸ ಮೊತ್ತಕ್ಕೆ ಬಂದ ದಾರಿಯನ್ನು ಲೆಕ್ಕಪುಸ್ತಕದಂತೆ ಬರೆಯುವುದು. ಪ್ರತಿ ರೂಪಾಯಿಯ ವ್ಯತ್ಯಾಸಕ್ಕೂ ಒಂದು ಸಾಲು ಕಾರಣವಾಗಿರಬೇಕು.

| ತಿದ್ದುಪಡಿ | ವ್ಯತ್ಯಾಸ | ಮೊತ್ತ |
|---|---|---|
| ಮೂಲ ಮೊತ್ತ | | 14,199 |
| 108: ಸಂಕೇತಾಂಕ ತೆಗೆದದ್ದು | −9,999 | 4,200 |
| 101: ಹಳೆಯ ಉತ್ತರ ತೆಗೆದದ್ದು | −1,200 | 3,000 |
| 103: ಪಠ್ಯದಿಂದ ಸಂಖ್ಯೆಗೆ | +1,500 | 4,500 |
| 105: ಪಠ್ಯದಿಂದ ಸಂಖ್ಯೆಗೆ, ಒಂದು ಬಾರಿ | +900 | 5,400 |
| 106: ಕನ್ನಡ ಅಂಕಿಗಳಿಂದ | +600 | 6,000 |
| 109: ವ್ಯಾಪ್ತಿಯ ನಡುವಣ ಮೌಲ್ಯ | +600 | 6,600 |

ಎಣಿಕೆಯೂ ಹೊಂದಬೇಕು. 12 ಉತ್ತರಗಳಿಂದ 2 ಪುನರಾವರ್ತನೆಗಳನ್ನು ಕಳೆದರೆ 10 ಮನೆಗಳು. ಅವುಗಳಲ್ಲಿ 8ಕ್ಕೆ ಮೌಲ್ಯವಿದೆ, 2 ಖಾಲಿ. ಪಠ್ಯ ನಮೂದುಗಳನ್ನು ಮಾತ್ರ ಸಂಖ್ಯೆಗಳಾಗಿಸಿ ಪುನರಾವರ್ತನೆ ಹಾಗೂ ಸಂಕೇತಾಂಕವನ್ನು ಹಾಗೆಯೇ ಬಿಟ್ಟಿದ್ದರೆ ಮೊತ್ತವು 18,699ಕ್ಕೆ ಏರುತ್ತಿತ್ತು. 105ನೆಯ ಮನೆಯ ಎರಡೂ ಉತ್ತರಗಳು ಪಠ್ಯವಾಗಿದ್ದಾಗ ಮೊತ್ತಕ್ಕೆ ಸೇರದೆ ಮರೆಯಾಗಿದ್ದ ಪುನರಾವರ್ತನೆ, ಪಠ್ಯವನ್ನು ತಿದ್ದಿದೊಡನೆ ಮೊತ್ತಕ್ಕೆ ಸೇರಿಕೊಳ್ಳುವುದು ಇದಕ್ಕೆ ಒಂದು ಕಾರಣ.

## ಪೈಥಾನ್‌ನಲ್ಲಿ

ಇದೇ ಕ್ರಮವನ್ನು ಪಾಂಡಾಸ್ ಬಳಸಿ ಹೀಗೆ ಬರೆಯಬಹುದು. ಕಡತದ ಎಲ್ಲ ಕಾಲಂಗಳನ್ನು ಮೊದಲು ಪಠ್ಯವಾಗಿಯೇ ಓದಲಾಗುತ್ತದೆ.

```python
import pandas as pd

d = pd.read_csv("tanker.csv", dtype=str)
d["mane"] = d["mane"].str.strip()
d = d.sort_values("samaya")
d = d.drop_duplicates("mane", keep="last")

anki = str.maketrans("೦೧೨೩೪೫೬೭೮೯", "0123456789")
t = d["kharchu"].str.translate(anki)
t = t.str.replace(r"ರೂ\.?|₹|/-|,", "", regex=True).str.strip()

n = pd.to_numeric(t, errors="coerce")
n = n.mask(n == 9999)
n = n.mask(n.isna() & (d["kondira"] == "ಇಲ್ಲ"), 0)

print(d.loc[n.isna(), ["mane", "kharchu"]])
print(n.sum(), n.count())
```

`errors="coerce"` ಎಂಬ ಸೂಚನೆಯು ಸಂಖ್ಯೆಯಾಗದ ಪ್ರತಿಯೊಂದನ್ನೂ ಸದ್ದಿಲ್ಲದೆ ಖಾಲಿ ಮಾಡುತ್ತದೆ. ಆದ್ದರಿಂದ ಹಾಗೆ ಖಾಲಿಯಾದ ಸಾಲುಗಳನ್ನು ಮುದ್ರಿಸುವ ಆಜ್ಞೆಯನ್ನು ಬಿಡಬಾರದು. ಇಲ್ಲಿ ಅದು 102, 108 ಮತ್ತು 109ನೆಯ ಮನೆಗಳನ್ನು ತೋರಿಸುತ್ತದೆ. ಮೊತ್ತ 6,000 ಮತ್ತು ಎಣಿಕೆ 7 ಬರುತ್ತವೆ; 109ನೆಯ ಮನೆಯ 600ನ್ನು ನಿಯಮದಂತೆ ಸೇರಿಸಿದಾಗ 6,600 ಮತ್ತು 8 ಆಗುತ್ತವೆ. ಎಲ್ಲ ಉತ್ತರಗಳೂ ಒಂದೇ ದಿನದವಾಗಿದ್ದು ಸಮಯವು `09:10` ಎಂಬ ರೂಪದಲ್ಲಿರುವುದರಿಂದ ಪಠ್ಯವಾಗಿಯೇ ಅದನ್ನು ಕ್ರಮವಾಗಿ ಜೋಡಿಸಬಹುದು. ಹಲವು ದಿನಗಳ ಉತ್ತರಗಳಿದ್ದರೆ `pd.to_datetime` ಬಳಸಿ ಸಮಯಕ್ಕೆ ಪರಿವರ್ತಿಸಬೇಕು. ಪಠ್ಯವಾಗಿ ಓದಿದ ಕಾಲಂ ಅನ್ನು ಪರಿವರ್ತಿಸದೆ ಕೂಡಿದರೆ `1200` ಮತ್ತು `1500` ಸೇರಿ `12001500` ಎಂಬ ಪಠ್ಯವಾಗುತ್ತದೆ.

## ಮಿತಿಗಳು

ಶುದ್ಧೀಕರಣವು ದಾಖಲಾದ ಉತ್ತರಗಳ ರೂಪವನ್ನು ಸರಿಪಡಿಸಬಲ್ಲದು, ಕೊಡದೆ ಉಳಿದ ಉತ್ತರಗಳನ್ನು ಮರಳಿ ತರಲಾರದು. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರ ತಮ್ಮ ಪ್ರಬಂಧದಲ್ಲಿ, ದತ್ತಾಂಶವು ಖಾಲಿ ಉಳಿಯಲು ಇರುವ ಕಾರಣವನ್ನು ಯಾವಾಗ ಕಡೆಗಣಿಸಬಹುದು, ಯಾವಾಗ ಕಡೆಗಣಿಸಲಾಗದು ಎಂಬುದನ್ನು ವಿವೇಚಿಸಿದರು. ಹೆಚ್ಚು ಖರ್ಚು ಮಾಡಿದವರೇ ಅದನ್ನು ಹೇಳಲು ಹಿಂಜರಿದಿದ್ದರೆ, ಉತ್ತರಿಸಿದವರ ಸರಾಸರಿಯಿಂದ ಮಾಡಿದ 8,800 ರೂಪಾಯಿಯ ಅಂದಾಜು ಕೂಡ ಕಡಿಮೆಯೇ. ಈ ಕಾರಣದಿಂದ ಫಲಿತಾಂಶವನ್ನು ಒಂದೇ ಸಂಖ್ಯೆಯಾಗಿ ಕೊಡದೆ, 10 ಮನೆಗಳಲ್ಲಿ 8 ಮನೆಗಳ ಮೊತ್ತ 6,600 ರೂಪಾಯಿ, ಖರ್ಚು ತಿಳಿಸದ 2 ಮನೆಗಳನ್ನು ಅಂದಾಜಿನಿಂದ ಸೇರಿಸಿದರೆ 8,800 ರೂಪಾಯಿ ಎಂದು ಎರಡನ್ನೂ ನಮೂದಿಸಲಾಗುತ್ತದೆ.

ನಮೂನೆಯನ್ನು ಸಿದ್ಧಪಡಿಸುವಾಗಲೇ ಹಲವು ದೋಷಗಳನ್ನು ತಡೆಯಬಹುದು. ಖರ್ಚಿನ ಪ್ರಶ್ನೆಗೆ ಸಂಖ್ಯೆಯನ್ನು ಮಾತ್ರ ಸ್ವೀಕರಿಸುವ ನಿಬಂಧನೆಯಿಂದ ಪಠ್ಯ ನಮೂದುಗಳು ತಪ್ಪುತ್ತವೆ. ತಿಳಿಸಲು ಇಷ್ಟವಿಲ್ಲ ಎಂಬುದನ್ನು ಪ್ರತ್ಯೇಕ ಆಯ್ಕೆಯಾಗಿ ಕೊಟ್ಟರೆ 9999ರಂಥ ಸಂಕೇತಗಳ ಅಗತ್ಯವೇ ಇರುವುದಿಲ್ಲ. ಆದರೆ ಉತ್ತರವನ್ನು ಕಡ್ಡಾಯಗೊಳಿಸಿದಾಗ, ಹೇಳಲು ಇಷ್ಟವಿಲ್ಲದವರು 0 ಅಥವಾ 1 ಎಂದು ತುಂಬಿ ಮುಂದೆ ಸಾಗಬಹುದು. ಅಂಥ ಮೌಲ್ಯಗಳನ್ನು ನಿಜವಾದ ಉತ್ತರಗಳಿಂದ ಬೇರ್ಪಡಿಸುವುದು ಖಾಲಿ ಕೋಶವನ್ನು ಗುರುತಿಸುವುದಕ್ಕಿಂತ ಕಷ್ಟ.

## ಇದನ್ನೂ ನೋಡಿ

* ಸಂಖ್ಯಾಶಾಸ್ತ್ರ
* ಸ್ಪ್ರೆಡ್‌ಶೀಟ್
* ಪ್ರಶ್ನಾವಳಿ
* ಸರಾಸರಿ
* ಪೈಥಾನ್